ಗಾಳಿ 34 ಡಿಗ್ರಿ, ಛಾವಣಿ 42

ರಾಯಚೂರಿನಲ್ಲಿ ಮೇ ತಿಂಗಳ ಒಂದು ರಾತ್ರಿ, ಒಂಬತ್ತೂವರೆ ಎಂದುಕೊಳ್ಳಿ. ಎರಡಂತಸ್ತಿನ ಆರ್‌ಸಿಸಿ ಮನೆ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಕರೆಂಟ್ ಹೋಗಿದೆ. ಮೇಲಿನವರು ಬನಿಯನ್ ಹಿಂಡಿಕೊಳ್ಳುತ್ತಾ ಮೆಟ್ಟಿಲಿಳಿದು ಬಂದು ಕೆಳಗಿನ ಪಡಸಾಲೆಯಲ್ಲಿ ಕೂತರೆ ಎಷ್ಟೋ ಹಿತವೆನಿಸುತ್ತದೆ. ಮಾಲೀಕರಿಗೆ ಇದು ನೆವ ಅನಿಸುತ್ತದೆ. ಎರಡೂ ಕಡೆ ಗೋಡೆಗೆ ನೇತುಹಾಕಿದ ಥರ್ಮಾಮೀಟರ್ 34 ಡಿಗ್ರಿಯನ್ನೇ ತೋರಿಸುತ್ತಿದೆಯಲ್ಲ. "ಎರಡೂ ಕಡಿ ಅಷ್ಟ ಐತಲ್ರೀ, ನಿಮಗಷ್ಟ ಹ್ಯಾಂಗ ಸೆಕಿ ಆಗತೈತಿ?" ಎಂದು ಅವರು ಕೇಳಿದರೆ ತಪ್ಪೇನಿಲ್ಲ. ಬಾಡಿಗೆಯವರ ಹತ್ತಿರ ಉತ್ತರವೂ ಇಲ್ಲ, "ನೀವ ಬಂದು ಕೂಡ್ರಿ ಮ್ಯಾಲೆ" ಅನ್ನುವುದೊಂದನ್ನು ಬಿಟ್ಟು.

ಇಬ್ಬರ ಮಾತೂ ನಿಜ. ಥರ್ಮಾಮೀಟರ್ ಹೇಳುವುದು ಗಾಳಿಯ ಬಿಸಿಯನ್ನು ಮಾತ್ರ. ಮನುಷ್ಯನ ಮೈ ಗಾಳಿಯೊಂದರ ಜೊತೆಗೇ ವ್ಯವಹಾರ ಮಾಡುವುದಿಲ್ಲ. ಗೋಡೆ, ಛಾವಣಿ, ನೆಲದ ಜೊತೆಗೂ ಮಾಡುತ್ತದೆ, ಗಾಳಿಯಲ್ಲಿರುವ ತೇವದ ಜೊತೆಗೂ ಮಾಡುತ್ತದೆ. ಆ ಎಲ್ಲ ವ್ಯವಹಾರವನ್ನು ಒಂದು ಜಮಾ-ಖರ್ಚಿನ ಪಟ್ಟಿಯಂತೆ ಬರೆದು ನೋಡಿದರೆ ಮಾಲೀಕರ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಕೊಡಬಹುದು. ಕಟ್ಟಡಗಳ ಹವಾನಿಯಂತ್ರಣ ಲೆಕ್ಕ ಹಾಕುವ ಎಂಜಿನಿಯರುಗಳು ಮಾಡುವುದೂ ಇದನ್ನೇ.

ಮೊದಲು ಜಮಾ. ಸುಮ್ಮನೆ ಕೂತ ಒಬ್ಬ ವಯಸ್ಕನ ದೇಹ ಚರ್ಮದ ಪ್ರತಿ ಚದರ ಮೀಟರಿಗೆ ಸುಮಾರು 58 ವಾಟ್‌ನಷ್ಟು ಶಾಖ ಹುಟ್ಟಿಸುತ್ತದೆ. ನಮ್ಮ ಕಡೆಯ ಸಾಧಾರಣ ಆಳಿನ ಚರ್ಮದ ವಿಸ್ತೀರ್ಣ 1.7 ಚದರ ಮೀಟರ್ ಎಂದು ಹಿಡಿದರೆ ಒಟ್ಟು 100 ವಾಟ್‌ಗೆ ಹತ್ತಿರ ಬರುತ್ತದೆ. ಹಳೆಯ ಕಾಲದ ದೊಡ್ಡ ಬಲ್ಬು ಎಷ್ಟು ಕರೆಂಟ್ ತಿನ್ನುತ್ತಿತ್ತೋ ಅಷ್ಟು. ಊಟ ಅರಗುವುದು, ಹೃದಯ ಬಡಿಯುವುದು, ಉಸಿರಾಟ ಎಲ್ಲದರ ಕೊನೆಯ ಫಲ ಈ ಶಾಖ, ಇದನ್ನು ನಿಲ್ಲಿಸುವಂತಿಲ್ಲ. ನಿದ್ದೆಯಲ್ಲಿ ಇದು 70 ವಾಟ್‌ಗೆ ಇಳಿಯುತ್ತದೆ, ಕಸ ಗುಡಿಸುವಾಗ, ರೊಟ್ಟಿ ಬಡಿಯುವಾಗ ಇನ್ನೂರರ ಸುಮಾರಿಗೆ ಏರುತ್ತದೆ.

ಹುಟ್ಟಿದ ಈ ಶಾಖವೆಲ್ಲ ಹೊರಗೆ ಹೋಗಲೇಬೇಕು. ಹೋಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅರವತ್ತು ಕಿಲೋ ತೂಕದ ದೇಹವನ್ನು 1 ಡಿಗ್ರಿ ಬಿಸಿ ಮಾಡಲು 58 ವಾಟ್ ಶಾಖ ಒಂದು ಗಂಟೆ ಕಾಲ ಒಳಗೇ ಉಳಿದರೆ ಸಾಕು. ನೂರು ವಾಟ್ ಪೂರ್ತಿ ಒಳಗೆ ಉಳಿದರೆ ಎರಡು ಗಂಟೆಯೊಳಗೆ ಮೈ 37ರಿಂದ 40 ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ದೇಹ ಈ ಪಟ್ಟಿಯಲ್ಲಿ ಹೆಚ್ಚು ಹೊತ್ತು ಬಾಕಿ ಉಳಿಸಿಕೊಳ್ಳುವ ಹಾಗಿಲ್ಲ.

ಖರ್ಚಿನ ಬಾಬ್ತುಗಳು ಮೂರು: ವಿಕಿರಣ, ಸಂವಹನ, ಬೆವರು ಆವಿಯಾಗುವುದು. ನೆಲಕ್ಕೋ ಕುರ್ಚಿಗೋ ತಾಗಿದ ಜಾಗದಿಂದ ಹೋಗುವುದು ಕೂತವನಲ್ಲಿ ಅಲ್ಪ, ಅದನ್ನು ಸದ್ಯ ಬಿಡೋಣ.

ವಿಕಿರಣದಿಂದ ಶುರು ಮಾಡುತ್ತೇನೆ, ಏಕೆಂದರೆ ಎಲ್ಲರೂ ಮರೆಯುವುದು ಇದನ್ನೇ. ಪ್ರತಿಯೊಂದು ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ನಮ್ಮ ಮೈ ಗೋಡೆಯತ್ತ ಸೂಸುತ್ತದೆ, ಗೋಡೆ ನಮ್ಮತ್ತ ಸೂಸುತ್ತದೆ; ಯಾರು ಹೆಚ್ಚು ಬಿಸಿಯೋ ಅವರು ಕಳೆದುಕೊಳ್ಳುತ್ತಾರೆ. ನಡುವೆ ಇರುವ ಗಾಳಿಗೆ ಇದರಲ್ಲಿ ಪಾತ್ರವೇ ಇಲ್ಲ ಎನ್ನಬಹುದು. ಮನೆಯೊಳಗಿನ ತಾಪಮಾನಗಳಲ್ಲಿ ಚರ್ಮಕ್ಕೂ ಸುತ್ತಲಿನ ಮೇಲ್ಮೈಗಳಿಗೂ 1 ಡಿಗ್ರಿ ವ್ಯತ್ಯಾಸವಿದ್ದರೆ ಇಡೀ ದೇಹಕ್ಕೆ 8 ವಾಟ್‌ನ ವಹಿವಾಟು. ಬೇಸಿಗೆಯಲ್ಲಿ ನಮ್ಮ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಹಾಗಾದರೆ ಸುತ್ತಲಿನ ಮೇಲ್ಮೈಗಳ ತಾಪಮಾನ ಎಷ್ಟು?

ಮೇಲಿನ ಕೋಣೆಯ ಛಾವಣಿ ದಿನವಿಡೀ ಬಿಸಿಲು ಕುಡಿದ ಐದಿಂಚಿನ ಕಾಂಕ್ರೀಟು. ಬಿಸಿಲು ಮೇಲ್ಮುಖಕ್ಕೆ ಬಿದ್ದ ಮೂರ್ನಾಲ್ಕು ಗಂಟೆಯ ನಂತರ ಅದರ ಕಾವು ಕೆಳಮುಖಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲು ಸಂಜೆ ಐದರ ಹೊತ್ತಿಗೆ ಕೋಣೆಯೊಳಗೆ ಬಂದು, ರಾತ್ರಿ ಬಹಳ ಹೊತ್ತಿನವರೆಗೆ ಇಳಿಯುತ್ತಲೇ ಇರುತ್ತದೆ. ಒಂಬತ್ತೂವರೆಗೆ ಛಾವಣಿಯ ಒಳಮೈ 42 ಡಿಗ್ರಿ, ಗೋಡೆಗಳು 36, ನೆಲ 34 ಎಂದು ಹಿಡಿಯೋಣ. ಇವನ್ನು ಸುಮ್ಮನೆ ಸರಾಸರಿ ಮಾಡುವಂತಿಲ್ಲ. ಕೂತವನ ಮೈಗೆ ಯಾವುದು ಎಷ್ಟು ಪಾಲು ಕಾಣುತ್ತದೆ ಎಂದು ನೋಡಬೇಕು. ಸಾಧಾರಣ ಮಲಗುವ ಕೋಣೆಯಲ್ಲಿ ಕೂತವನಿಗೆ ಛಾವಣಿ ಐದರಲ್ಲೊಂದು ಪಾಲು, ನೆಲ ಅಷ್ಟೇ, ಉಳಿದ ಮೂರು ಪಾಲು ಗೋಡೆಗಳು. ಹಾಗೆ ತೂಗಿ ತೆಗೆದರೆ ಬರುವುದು ಹೆಚ್ಚುಕಡಿಮೆ 37 ಡಿಗ್ರಿ. ಎಂಜಿನಿಯರುಗಳು ಇದನ್ನು ಸರಾಸರಿ ವಿಕಿರಣ ತಾಪಮಾನ ಎನ್ನುತ್ತಾರೆ. ಚರ್ಮಕ್ಕಿಂತ ಇದು 2 ಡಿಗ್ರಿ ಹೆಚ್ಚು. ಅಂದರೆ ಖರ್ಚಾಗಬೇಕಾದ ಬಾಬ್ತು ತಿರುಗಿ ಜಮಾ ಆಗಿದೆ: ಕೋಣೆಯೇ ಮೈಗೆ 16 ವಾಟ್ ಶಾಖ ಕೊಡುತ್ತಿದೆ.

ಕೆಳಗಿನ ಪಡಸಾಲೆಗೆ ಬಿಸಿಲು ತಾಗಿದ ಛಾವಣಿಯಿಲ್ಲ. ಅಲ್ಲಿ ಎಲ್ಲ ಮೇಲ್ಮೈಗಳೂ 33 ಡಿಗ್ರಿ ಆಸುಪಾಸು. ಚರ್ಮಕ್ಕಿಂತ 2 ಡಿಗ್ರಿ ಕಡಿಮೆ, ಆದ್ದರಿಂದ ಮೈಯಿಂದ 16 ವಾಟ್ ಹೊರಗೆ ಹೋಗುತ್ತದೆ. ಮೇಲೆ 16 ಒಳಕ್ಕೆ, ಕೆಳಗೆ 16 ಹೊರಕ್ಕೆ. ಥರ್ಮಾಮೀಟರಿಗೆ ಕಾಣದೆ ಹೋದ 32 ವಾಟ್ ವ್ಯತ್ಯಾಸ ಇದು, ದೇಹ ಹುಟ್ಟಿಸುವ ಒಟ್ಟು ಶಾಖದ ಮೂರರಲ್ಲೊಂದು ಪಾಲು.

ಇನ್ನು ಸಂವಹನ. ಚರ್ಮಕ್ಕೆ ಅಂಟಿಕೊಂಡ ಗಾಳಿಯ ತೆಳು ಪದರ ಮೈಕಾವಿಗೆ ಬೆಚ್ಚಗಾಗಿ ಮೇಲೇಳುತ್ತದೆ, ಅದರ ಜಾಗಕ್ಕೆ ಬೇರೆ ಗಾಳಿ ಬರುತ್ತದೆ. ಫ್ಯಾನಿಲ್ಲದ ಕೋಣೆಯಲ್ಲಿ ಇದು ಬಹಳ ನಿಧಾನ: 1 ಡಿಗ್ರಿ ವ್ಯತ್ಯಾಸಕ್ಕೆ ಬರೀ 5 ವಾಟ್. ಫ್ಯಾನ್ ಹಾಕಿ ಗಾಳಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಮೈಮೇಲೆ ಹಾಯುವಂತೆ ಮಾಡಿದರೆ ಆ ಪದರ ಹರಿದು ತೆಳ್ಳಗಾಗಿ 14 ವಾಟ್‌ಗೆ ಏರುತ್ತದೆ. ಆದರೆ ನಮ್ಮ ಎರಡೂ ಮನೆಯಲ್ಲಿ ಗಾಳಿ 34, ಚರ್ಮ 35. ಇರುವುದೇ 1 ಡಿಗ್ರಿ ವ್ಯತ್ಯಾಸ. ಕರೆಂಟ್ ಇಲ್ಲದಾಗ 5 ವಾಟ್ ಹೋಯಿತು, ಅಷ್ಟೇ.

ಉಳಿದದ್ದೆಲ್ಲ ಬೆವರಿನ ತಲೆಗೆ. ಮೇಲೆ ಕೂತವನಿಗೆ 100ಕ್ಕೆ 16 ಕೂಡಿಸಿ 5 ಕಳೆದರೆ 111 ವಾಟ್ ಬಾಕಿ. ಕೆಳಗಿನವರಿಗೆ 100ರಲ್ಲಿ 16, 5 ಕಳೆದು 79 ವಾಟ್. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾದರೆ ಮುಕ್ಕಾಲು ವಾಟ್‌ಗಿಂತ ತುಸು ಕಡಿಮೆ ಶಾಖವನ್ನು ಒಂದು ಗಂಟೆಯ ಲೆಕ್ಕದಲ್ಲಿ ಒಯ್ಯುತ್ತದೆ. ಆ ಪ್ರಕಾರ ಮೇಲಿನವರು ಗಂಟೆಗೆ 165 ಮಿಲಿ ನೀರು ಕಳೆದುಕೊಳ್ಳಬೇಕು, ಕೆಳಗಿನವರು 117 ಮಿಲಿ. ಇದರಲ್ಲಿ ಸ್ವಲ್ಪ ಉಸಿರಿನ ಮೂಲಕ ಹೋಗುತ್ತದೆ, ಬಹುಪಾಲು ಚರ್ಮದಿಂದ. ಒಂದು ಮಾತು ನೆನಪಿಡಬೇಕು: ಆವಿಯಾದ ಬೆವರಷ್ಟೇ ಪಟ್ಟಿಗೆ ಬರುತ್ತದೆ. ಹಣೆಯಿಂದ ತೊಟ್ಟಿಕ್ಕಿದ್ದು, ಟವೆಲಿನಲ್ಲಿ ಒರೆಸಿದ್ದು ದೇಹದ ನೀರನ್ನು ಖರ್ಚು ಮಾಡಿತೇ ಹೊರತು ಶಾಖವನ್ನು ಒಯ್ಯಲಿಲ್ಲ.

ಹಾಗಾದರೆ ಎರಡೂ ಕಡೆ ಲೆಕ್ಕ ಸರಿಹೋಯಿತಲ್ಲ, ಯಾರ ಮೈಯೂ 37 ದಾಟಲಿಲ್ಲ, ಮೇಲಿನವರ ಗೋಳು ಏಕೆ? ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಲೆಕ್ಕ ಸರಿಹೋಗುವುದಕ್ಕೂ ಹಿತವಾಗಿರುವುದಕ್ಕೂ ದೂರವಿದೆ. ಜ್ವರದ ಥರ್ಮಾಮೀಟರ್ ಇಟ್ಟು ನೋಡಿದರೆ ಇಬ್ಬರೂ ಸರಿಯಾಗಿಯೇ ಇರುತ್ತಾರೆ. ಮೈಗೆ ಹಿತವಿದೆಯೋ ಇಲ್ಲವೋ ಎಂಬುದು ಆ ಲೆಕ್ಕವನ್ನು ಸರಿಮಾಡಲು ಚರ್ಮದ ಎಷ್ಟು ಭಾಗ ಒದ್ದೆಯಾಗಬೇಕಾಯಿತು ಎಂಬುದರ ಮೇಲಿದೆ. ಅಮೆರಿಕದ ನ್ಯೂ ಹೇವನ್ ಪಟ್ಟಣದ ಪಿಯರ್ಸ್ ಪ್ರಯೋಗಾಲಯದಲ್ಲಿದ್ದ ಫಾರೋ ಗ್ಯಾಗ್ ಎಂಬ ವಿಜ್ಞಾನಿ 1937ರಲ್ಲಿ ಈ ಅಳತೆಯನ್ನು ಮುಂದಿಟ್ಟರು. ಚರ್ಮ ಪೂರ್ತಿ ತೊಯ್ದಿದ್ದರೆ ಆ ಕೋಣೆಯ ಗಾಳಿ ಗರಿಷ್ಠ ಎಷ್ಟು ಶಾಖವನ್ನು ಆವಿಯ ರೂಪದಲ್ಲಿ ಒಯ್ಯಬಲ್ಲದು ಎಂದು ಮೊದಲು ಲೆಕ್ಕ ಹಾಕಬೇಕು. ಬೇಕಾದದ್ದನ್ನು ಅದರಿಂದ ಭಾಗಿಸಿದರೆ ಒದ್ದೆಯ ಪಾಲು ಸಿಗುತ್ತದೆ. ಸುಮ್ಮನೆ ಕೂತವನಿಗೆ ಕಾಲು ಭಾಗ ಒದ್ದೆಯಾಗುವವರೆಗೆ ಹೇಗೋ ನಡೆಯುತ್ತದೆ. ಅದನ್ನು ದಾಟಿದರೆ ಬನಿಯನ್ ಅಂಟುತ್ತದೆ, ಕುತ್ತಿಗೆ ಜಿಗುಟಾಗುತ್ತದೆ, ಸಿಡುಕು ಶುರುವಾಗುತ್ತದೆ.

ಗಾಳಿ ಎಷ್ಟು ಒಯ್ಯಬಲ್ಲದು ಎಂಬುದನ್ನು ಎರಡು ಸಂಗತಿ ನಿರ್ಧರಿಸುತ್ತವೆ: ಗಾಳಿಯ ಚಲನೆ, ಮತ್ತು ಗಾಳಿಯಲ್ಲಿ ಆಗಲೇ ಇರುವ ನೀರಾವಿ. ರಾಯಚೂರಿನ ಆ ರಾತ್ರಿ ತೇವಾಂಶ ಶೇಕಡಾ 30 ಎಂದಿಟ್ಟುಕೊಳ್ಳಿ. 35 ಡಿಗ್ರಿಯ ಒದ್ದೆ ಚರ್ಮದ ಮೇಲಿನ ಆವಿಯ ಒತ್ತಡ 5.6 ಕಿಲೋಪ್ಯಾಸ್ಕಲ್, ಗಾಳಿಯದು 1.6, ನಡುವಿನ 4ರ ಅಂತರವೇ ಬೆವರನ್ನು ಎಳೆಯುವ ಬಲ. ಫ್ಯಾನಿಲ್ಲದ ಗಾಳಿ 1 ಕಿಲೋಪ್ಯಾಸ್ಕಲ್ ಅಂತರಕ್ಕೆ 84 ವಾಟ್ ಒಯ್ಯುತ್ತದೆ, ಒಟ್ಟು 337 ವಾಟ್. ಮೇಲಿನವರಿಗೆ ಬೇಕಾದ 111 ಅದರ ಶೇಕಡಾ 33. ಕೆಳಗಿನವರ 79 ಅದರ ಶೇಕಡಾ 23. ಕಾಲು ಭಾಗದ ಗೆರೆಯ ಆಚೆಗೊಬ್ಬರು, ಈಚೆಗೊಬ್ಬರು. ಮಾಲೀಕರಿಗೆ ಕೊಡಬೇಕಾದ ಉತ್ತರ ಇದು.

ಕರೆಂಟ್ ಬಂದು ಫ್ಯಾನ್ ತಿರುಗಿತು ಎನ್ನಿ. ಸಂವಹನದ ಖರ್ಚು 5ರಿಂದ 14ಕ್ಕೆ ಏರಿತು. ಅದು ಚಿಲ್ಲರೆ ಲಾಭ. ದೊಡ್ಡ ಲಾಭ ಬೆವರಿನ ಕಡೆ: 337 ವಾಟ್ ಒಯ್ಯಬಲ್ಲ ಗಾಳಿ ಈಗ 930 ಒಯ್ಯಬಲ್ಲದು. ಮೇಲಿನವರ ಒದ್ದೆಯ ಪಾಲು ಶೇಕಡಾ 33ರಿಂದ 11ಕ್ಕೆ ಕುಸಿಯುತ್ತದೆ. ಕೋಣೆಯ ಗಾಳಿ ಒಂದಿಷ್ಟೂ ತಣ್ಣಗಾಗಿಲ್ಲ; ಫ್ಯಾನಿನ ಮೋಟಾರು ಅದಕ್ಕೆ ಸ್ವಲ್ಪ ಬಿಸಿಯನ್ನೇ ಸೇರಿಸಿದೆ. ಯಾರೂ ಇಲ್ಲದ ಕೋಣೆಯಲ್ಲಿ "ತಂಪಾಗಿರಲಿ" ಎಂದು ಫ್ಯಾನ್ ಬಿಟ್ಟು ಹೋಗುವುದು ಬರೀ ಕರೆಂಟ್ ಬಿಲ್ಲಿಗೆ ದಾರಿ.

ಇಲ್ಲಿ ಒಂದು ತಿದ್ದುಪಡಿ. ಲೆಕ್ಕ ಸರಳವಾಗಲೆಂದು ಬಟ್ಟೆಯನ್ನು ಬಿಟ್ಟಿದ್ದೇನೆ. ಲುಂಗಿ-ಬನಿಯನ್ನಿಗೆ ಇದು ಹತ್ತಿರ ಬರುತ್ತದೆ. ರವಿಕೆ, ಲಂಗ, ಸೀರೆ ಸುತ್ತಿಕೊಂಡು ಅದೇ ಕೋಣೆಯಲ್ಲಿ ಅದೇ ಹೊತ್ತಿಗೆ ಅಡುಗೆ ಮುಗಿಸಿ ಬಂದವರ ಲೆಕ್ಕ ಬೇರೆ: ಜಮಾ ಹೆಚ್ಚು, ಬೆವರು ಆರುವ ದಾರಿ ಕಡಿಮೆ. ಒಂದೇ ಕೋಣೆಯಲ್ಲಿ ಗಂಡನಿಗೆ ಪರವಾಗಿಲ್ಲ, ಹೆಂಡತಿಗೆ ಧಗೆ ಎಂದರೆ ಆಶ್ಚರ್ಯಪಡಬೇಕಿಲ್ಲ.

ಈಗ ಅದೇ ಮೇ ತಿಂಗಳಲ್ಲಿ ಮಂಗಳೂರಿಗೆ ಬನ್ನಿ. ತಾರಸಿಯ ಕೆಳಗಿನ ಫ್ಲಾಟು, ಸಂಜೆ ಏಳು. ಗಾಳಿ 32 ಡಿಗ್ರಿ, ಸುತ್ತಲಿನ ಮೇಲ್ಮೈಗಳ ಸರಾಸರಿ 35, ತೇವಾಂಶ ಶೇಕಡಾ 80. ರಾಯಚೂರಿಗಿಂತ ಎರಡೂ ಲೆಕ್ಕದಲ್ಲಿ 2 ಡಿಗ್ರಿ ತಂಪು. ವಿಕಿರಣದಲ್ಲಿ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಸಂವಹನದಲ್ಲಿ 15 ವಾಟ್ ಹೋಗುತ್ತದೆ. ಬೆವರಿನಿಂದ ಹೋಗಬೇಕಾದದ್ದು 85 ವಾಟ್ ಮಾತ್ರ, ರಾಯಚೂರಿನ 111ಕ್ಕಿಂತ ಎಷ್ಟೋ ಕಡಿಮೆ. ಆದರೆ ಗಾಳಿಯ ಆವಿಯ ಒತ್ತಡ ಆಗಲೇ 3.8, ಎಳೆಯುವ ಅಂತರ 1.8 ಮಾತ್ರ. ಫ್ಯಾನಿಲ್ಲದಿದ್ದರೆ ಗಾಳಿ ಗರಿಷ್ಠ ಒಯ್ಯುವುದು 150 ವಾಟ್. 85 ಅದರ ಶೇಕಡಾ 56. ಹೊರಹಾಕಬೇಕಾದ ಶಾಖ ಕಡಿಮೆ, ಮೈ ಒದ್ದೆಯಾಗುವುದು ಹೆಚ್ಚು. ರಾಯಚೂರಿನವರು ಮಂಗಳೂರಿಗೆ ಬಂದು "ಅಲ್ಲಿಗಿಂತ ಬಿಸಿಲು ಕಮ್ಮಿ, ಆದ್ರೂ ತಡಿಯಾಕ ಆಗವಲ್ದು" ಎನ್ನುವುದರ ಹಿಂದಿನ ಗಣಿತ ಇಷ್ಟೇ. ಫ್ಯಾನ್ ಹಾಕಿದ ಕೂಡಲೇ 56 ಇಳಿದು 14ಕ್ಕೆ ಬರುತ್ತದೆ. ಕರಾವಳಿಯಲ್ಲಿ ಹತ್ತು ನಿಮಿಷ ಕರೆಂಟ್ ಹೋದರೂ ಜನ ಮನೆಯಿಂದ ಹೊರಗೆ ಬಂದು ನಿಲ್ಲುವುದು ಸುಮ್ಮನೆ ಅಲ್ಲ. ಕೂಲರ್ ಎಂಬ ನೀರಿನ ಪೆಟ್ಟಿಗೆ ಕಲಬುರಗಿಯಲ್ಲಿ ಓಡಿ ಉಡುಪಿಯಲ್ಲಿ ಓಡದಿರುವುದಕ್ಕೂ ಇದೇ ಕಾರಣ: ಅದು ಗಾಳಿಯ ಬಿಸಿ ಇಳಿಸುವುದು ತೇವ ಏರಿಸಿ, ತೇವ ಏರಿಸಲು ಜಾಗವಿದ್ದರೆ ಮಾತ್ರ.

ಫ್ಯಾನಿಗೂ ಒಂದು ಮಿತಿಯಿದೆ. ಅದನ್ನು ತಿಳಿಯಲು 1774ರ ಲಂಡನ್ನಿಗೆ ಹೋಗಬೇಕು. ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯರೂ ಅವರ ಸ್ನೇಹಿತರೂ ಒಲೆಯಿಂದ ಕಾಯಿಸಿದ ಒಣ ಕೋಣೆಯೊಳಗೆ ಹೋಗಿ ನಿಂತರು. ಕೊನೆಯ ಪ್ರಯೋಗಗಳಲ್ಲಿ ಗಾಳಿ ನೀರು ಕುದಿಯುವ ಬಿಸಿಯನ್ನೂ ಮೀರಿ 120 ಡಿಗ್ರಿ ದಾಟಿತ್ತು. ಕೆಲವು ನಿಮಿಷ ಒಳಗಿದ್ದು ಅವರು ಆರಾಮವಾಗಿ ಹೊರಗೆ ಬಂದರು. ಅದೇ ಕೋಣೆಯಲ್ಲಿಟ್ಟ ಮೊಟ್ಟೆ ಗಟ್ಟಿಯಾಗಿತ್ತು, ಮಾಂಸದ ತುಂಡು ಬೆಂದಿತ್ತು. ಮನುಷ್ಯರನ್ನು ಕಾಪಾಡಿದ್ದು ಆ ಒಣ ಗಾಳಿಯಲ್ಲಿ ಥಟ್ಟನೆ ಆರುತ್ತಿದ್ದ ಬೆವರು. ಅವರು ಇನ್ನೊಂದು ಕೆಲಸ ಮಾಡಿದರು. ಮತ್ತೊಂದು ಮಾಂಸದ ತುಂಡಿನ ಮೇಲೆ ತಿದಿಯಿಂದ ಗಾಳಿ ಊದಿದರು. ಮೊದಲು ಅರ್ಧ ಗಂಟೆ ಹಿಡಿದದ್ದು ಈಗ 13 ನಿಮಿಷದಲ್ಲಿ ಬೆಂದಿತು. ಬೆವರದ ವಸ್ತುವಿಗೆ ಬಿಸಿ ಗಾಳಿಯಲ್ಲಿ ಫ್ಯಾನ್ ಹಾಕಿದರೆ ಹೀಗಾಗುತ್ತದೆ.

ಇದನ್ನು ರಾಯಚೂರಿನ ಮಧ್ಯಾಹ್ನಕ್ಕೆ ಅನ್ವಯಿಸಿ ನೋಡಿ. ಕೋಣೆಯ ಗಾಳಿ 42, ಗೋಡೆ-ಛಾವಣಿ ಸರಾಸರಿಯೂ 42, ತೇವಾಂಶ ಶೇಕಡಾ 15. ಎಲ್ಲವೂ ಚರ್ಮಕ್ಕಿಂತ 7 ಡಿಗ್ರಿ ಹೆಚ್ಚು. ವಿಕಿರಣದಿಂದ 56 ವಾಟ್ ಒಳಕ್ಕೆ. ಫ್ಯಾನಿಲ್ಲದಿದ್ದರೆ ಗಾಳಿಯಿಂದ 35 ವಾಟ್ ಒಳಕ್ಕೆ, ಫ್ಯಾನ್ ಹಾಕಿದರೆ 98. ಬೆವರು ಹೊರಹಾಕಬೇಕಾದ ಮೊತ್ತ 191ರಿಂದ 254 ವಾಟ್‌ಗೆ ಏರಿತು. ಗಟ್ಟಿಮುಟ್ಟಾದ ಆಳಿಗೆ ಇದರಿಂದ ತೊಂದರೆಯಿಲ್ಲ, ಅನುಕೂಲವೇ: ಒಣ ಗಾಳಿ ಬೀಸುವುದರಿಂದ ಒದ್ದೆಯ ಪಾಲು ಅರ್ಧದಿಂದ ಕಾಲಕ್ಕೆ ಇಳಿಯುತ್ತದೆ, ಮೈ ಒಣಗಿದಂತೆ ಅನಿಸುತ್ತದೆ. ಬೆಲೆ ಮಾತ್ರ ನೀರಿನಲ್ಲಿ ತೆರಬೇಕು. ಗಂಟೆಗೆ 280 ಮಿಲಿ ಇದ್ದದ್ದು 375 ಮಿಲಿ ಆಗುತ್ತದೆ, ಬೆವರು ಕಾಣಿಸದೆ ಹೋಗುವುದರಿಂದ ಬಾಯಾರುವವರೆಗೆ ಗೊತ್ತೂ ಆಗುವುದಿಲ್ಲ.

ಅಪಾಯ ಇರುವುದು ಅಷ್ಟು ಬೆವರಲಾರದವರಿಗೆ. ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಕೆಲವು ಔಷಧಗಳೂ ಅದನ್ನು ತಗ್ಗಿಸುತ್ತವೆ. ಒಬ್ಬ ಅಜ್ಜನ ಚರ್ಮ 200 ವಾಟ್‌ನಷ್ಟು ಮಾತ್ರ ಬೆವರಬಲ್ಲದು ಎಂದಿಟ್ಟುಕೊಂಡರೆ, ಫ್ಯಾನಿಲ್ಲದೆ ಅವರ ಲೆಕ್ಕ 191ಕ್ಕೆ ಹೇಗೋ ಸರಿಹೋಗುತ್ತದೆ. ಫ್ಯಾನ್ ಹಾಕಿದರೆ 54 ವಾಟ್ ಬಾಕಿ, ಅಂದರೆ ಗಂಟೆಗೆ ಸುಮಾರು 1 ಡಿಗ್ರಿಯಂತೆ ಮೈ ಕಾಯುತ್ತಾ ಹೋಗುತ್ತದೆ. ಅವರ ಮೈಕೈಗೆ ಒದ್ದೆ ಬಟ್ಟೆ ಒರೆಸಿ ಫ್ಯಾನ್ ಹಾಕಿದರೆ ಚಿತ್ರವೇ ಬದಲು. ಬೆವರು ಕೊಡಲಾರದ ನೀರನ್ನು ನಾವು ಕೊಟ್ಟಂತಾಗುತ್ತದೆ. ಹಿರಿಯರು ಇಂಥ ಮಧ್ಯಾಹ್ನ ಒಣ ಚರ್ಮ, ಬಿಸಿ ಮೈಯಿಂದ ಮಂಕಾಗಿ, ಮಾತು ತಡವರಿಸಿದರೆ ಅದನ್ನು ನಿದ್ದೆಗಣ್ಣು ಎಂದುಕೊಳ್ಳಬಾರದು. ಮೈ ಒದ್ದೆ ಮಾಡುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಎಸಿ ಇರುವ ಮನೆಯವರಿಗೆ ಈ ಪಟ್ಟಿ ಬೇರೊಂದು ಗುಟ್ಟು ಹೇಳುತ್ತದೆ. 2020ರಿಂದ ನಮ್ಮ ದೇಶದಲ್ಲಿ ಮಾರುವ ಕೋಣೆ ಎಸಿಗಳು ಶುರುವಾಗುವಾಗ ತಾವಾಗಿ 24 ಡಿಗ್ರಿಗೆ ಹೊಂದಿಕೊಂಡಿರಬೇಕೆಂಬ ನಿಯಮವಿದೆ. ತಾರಸಿ ಕೆಳಗಿನ ಕೋಣೆಯಲ್ಲಿ 24ಕ್ಕೆ ಇಟ್ಟು ಅರ್ಧ ಗಂಟೆ ಕಳೆದರೂ ಹಿತವಾಗುವುದಿಲ್ಲ, ಕೈ ರಿಮೋಟಿನ ಕಡೆ ಹೋಗಿ 18ಕ್ಕೆ ಇಳಿಸುತ್ತದೆ. ಯಂತ್ರದ ತಪ್ಪಲ್ಲ ಅದು. ಎಸಿಯೊಳಗಿನ ಸಂವೇದಕ ತನ್ನೊಳಗೆ ಹಿಂದಿರುಗುವ ಗಾಳಿಯನ್ನು ಅಳೆಯುತ್ತದೆ. ಗಾಳಿ 24 ಆಗಿದೆ ನಿಜ. ಗೋಡೆ-ಛಾವಣಿಯ ಸರಾಸರಿ ಇನ್ನೂ 32ರಲ್ಲಿದೆ. ನಿಶ್ಚಲ ಗಾಳಿಯಲ್ಲಿ ವಿಕಿರಣದ ತೂಕ 8, ಸಂವಹನದ್ದು 5 ಎಂದು ಆಗಲೇ ನೋಡಿದೆವು. ಆ ತೂಕದಲ್ಲಿ ಸರಾಸರಿ ತೆಗೆದರೆ ಮೈಗೆ ತಾಗುವುದು 29 ಡಿಗ್ರಿ. ಅದೇ ಕೋಣೆಯಲ್ಲಿ 24ಕ್ಕೇ ಬಿಟ್ಟು ಛಾವಣಿಯ ಫ್ಯಾನನ್ನೂ ತಿರುಗಿಸಿದರೆ ಗಾಳಿಯ ತೂಕ 14ಕ್ಕೆ ಏರುತ್ತದೆ, ಮೈಗೆ ತಾಗುವುದು 27ಕ್ಕೆ ಇಳಿಯುತ್ತದೆ. ಎಸಿ ಹಾಕಿದಾಗ ಫ್ಯಾನ್ ಬೇಡ ಎಂಬುದು ನಮ್ಮಲ್ಲಿ ಬಹಳ ಜನ ನಂಬಿರುವ ದುಬಾರಿ ಶಿಸ್ತು.

ನಿಮ್ಮ ಕೋಣೆಯನ್ನು ಅಳೆದು ನೋಡಬೇಕೆನಿಸಿದರೆ ದೊಡ್ಡ ಸಾಮಾನು ಬೇಕಿಲ್ಲ. ಗಾಳಿಗೆ ಒಂದು ಥರ್ಮಾಮೀಟರ್, ತೇವಕ್ಕೆ ಒಂದು ಅಗ್ಗದ ಆರ್ದ್ರತಾಮಾಪಕ. ವಿಕಿರಣಕ್ಕೆ ಇಂಗ್ಲೆಂಡಿನ ವರ್ನನ್ ಎಂಬ ವೈದ್ಯರು 1930ರ ದಶಕದಲ್ಲಿ ಆರಿಂಚಿನ ತಾಮ್ರದ ಕಪ್ಪು ಗುಂಡನ್ನು ಬಳಕೆಗೆ ತಂದರು, ಅದರ ನಡುವೆ ಥರ್ಮಾಮೀಟರಿನ ಬುರುಡೆ. ಆಮೇಲಿನ ಸಂಶೋಧಕರು ಅದರ ಬದಲು ಟೇಬಲ್ ಟೆನಿಸ್ ಚೆಂಡಿಗೆ ಮಸುಕು ಬಣ್ಣ ಬಳಿದು ಬಳಸಿದ್ದಾರೆ. ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ತೂತು ಮಾಡಿ, ತಂತಿಯ ತುದಿಯ ಡಿಜಿಟಲ್ ಥರ್ಮಾಮೀಟರನ್ನು ಒಳಗಿಟ್ಟು, ನೀವು ಕೂರುವ ಜಾಗದಲ್ಲಿ ಎದೆಮಟ್ಟಕ್ಕೆ ನೇತುಹಾಕಿ ಕಾಲು ಗಂಟೆ ಕಾಯಿರಿ. ಚೆಂಡು ಪಕ್ಕದ ಥರ್ಮಾಮೀಟರಿಗಿಂತ ಹೆಚ್ಚು ತೋರಿಸಿದರೆ ನಿಮ್ಮ ಛಾವಣಿಯೋ ಗೋಡೆಯೋ ನಿಮ್ಮನ್ನು ಕಾಯಿಸುತ್ತಿದೆ. ಫ್ಯಾನ್ ನಿಲ್ಲಿಸಿ ಅಳೆಯಬೇಕು, ಇಲ್ಲದಿದ್ದರೆ ಚೆಂಡು ಗಾಳಿಯ ಕಡೆಗೆ ವಾಲುತ್ತದೆ. ಗುರಿಯಿಟ್ಟು ಒತ್ತುವ ಇನ್‌ಫ್ರಾರೆಡ್ ಗನ್ ಇದ್ದರೆ ಯಾವ ಮೇಲ್ಮೈ ತಪ್ಪಿತಸ್ಥ ಎಂದೂ ಹಿಡಿಯಬಹುದು. ಸುಣ್ಣ, ಪೇಂಟು, ಗಾರೆ, ಹೆಂಚಿಗೆ ಅದು ಸರಿ ಹೇಳುತ್ತದೆ. ಹೊಳೆಯುವ ತಗಡಿಗೆ ಹಿಡಿದರೆ ಸುಳ್ಳು ಹೇಳುತ್ತದೆ; ತಗಡು ತಾನು ಸೂಸುವುದು ಅಲ್ಪ, ಎದುರಿಗಿರುವುದನ್ನು ಪ್ರತಿಫಲಿಸುವುದೇ ಹೆಚ್ಚು. ಅಲ್ಲೊಂದು ಕಾಗದದ ಟೇಪು ಅಂಟಿಸಿ ಅದರ ಮೇಲೆ ಹಿಡಿಯಬೇಕು.

ಈ ಲೆಕ್ಕವನ್ನೆಲ್ಲ ಒಂದೇ ಸಮೀಕರಣಕ್ಕೆ ತಂದವರು ಡೆನ್ಮಾರ್ಕಿನ ಓಲೆ ಫ್ಯಾಂಗರ್. 1970ರಲ್ಲಿ ಬಂದ ಅವರ ಪುಸ್ತಕದ ನಂತರ, ಗಾಳಿಯ ತಾಪ, ವಿಕಿರಣ ತಾಪ, ಗಾಳಿಯ ವೇಗ, ತೇವ, ಬಟ್ಟೆ, ಕೆಲಸ ಈ ಆರನ್ನು ಕೊಟ್ಟರೆ ಮೈನಸ್ 3ರ ಚಳಿಯಿಂದ ಪ್ಲಸ್ 3ರ ಸೆಕೆಯವರೆಗಿನ ಅಂಕ ಸಿಗುವಂತಾಯಿತು. ಅವರ ಸೂತ್ರದಲ್ಲೇ ಒಂದು ವಿನಯವೂ ಇದೆ: ಅಂಕ ಸೊನ್ನೆಗೆ ಬಂದರೂ ನೂರಕ್ಕೆ ಐದು ಜನ ಗೊಣಗುತ್ತಾರೆ. ಆದರೆ ಅವರ ಪ್ರಯೋಗಗಳಲ್ಲಿ ಕೂತವರು ಬಹುತೇಕ ಅಮೆರಿಕ ಮತ್ತು ಡೆನ್ಮಾರ್ಕಿನ ವಿದ್ಯಾರ್ಥಿಗಳು, ಅದೂ ನಿಯಂತ್ರಿತ ಕೋಣೆಯಲ್ಲಿ. ಕಿಟಕಿ ತೆರೆದು, ಫ್ಯಾನಿನಡಿ ಬೆಳೆದವರಿಗೆ ಹಿತವೆನಿಸುವ ಮಟ್ಟ ಇನ್ನೂ ಮೇಲಿರುತ್ತದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಕಚೇರಿಗಳನ್ನು ಸುತ್ತಿ ರೂಪಿಸಿದ ಮಾದರಿ ಇದನ್ನೇ ಲೆಕ್ಕಕ್ಕೆ ತೆಗೆದುಕೊಂಡಿದೆ. ನಾನು ಮೇಲೆ ಹೇಳಿದ ಕಾಲು ಭಾಗದ ಗೆರೆಯನ್ನೂ ಹಾಗೇ ತುಸು ಸಡಿಲವಾಗಿ ಓದಿಕೊಳ್ಳಬೇಕು.

ಮೇಲಿನ ಮನೆಯವರ ಗತಿ ಏನು? ತಾರಸಿಗೆ ದಪ್ಪಗೆ ಸುಣ್ಣ ಬಳಿಸಿದರೆ ಬಿಸಿಲಿನ ಬಹುಪಾಲು ಅಲ್ಲೇ ಮರಳುತ್ತದೆ. ಅದರಿಂದ ಛಾವಣಿ 42ರಿಂದ 37ಕ್ಕೆ, ಗೋಡೆ 35ಕ್ಕೆ, ಗಾಳಿ 33ಕ್ಕೆ ಇಳಿಯಿತು ಎನ್ನೋಣ. ವಿಕಿರಣದ 16 ವಾಟ್ ಸೊನ್ನೆಯಾಗುತ್ತದೆ, ಗಾಳಿಗೆ 10 ಹೋಗುತ್ತದೆ, ಬೆವರಿಗೆ ಉಳಿಯುವುದು 90. ಒದ್ದೆಯ ಪಾಲು 33ರಿಂದ 27ಕ್ಕೆ. ಒಂದು ಮಳೆಗಾಲದ ಧೂಳು-ಪಾಚಿಗೆ ಸುಣ್ಣ ಮಂಕಾಗುವುದರಿಂದ ಪ್ರತಿ ವರ್ಷ ಮಾರ್ಚಿನೊಳಗೆ ಮತ್ತೆ ಬಳಿಯಬೇಕು. ಬಾಡಿಗೆಯವರು ಬಳಿಸಬೇಕೋ ಮಾಲೀಕರೋ ಎಂಬುದು ಭೌತಶಾಸ್ತ್ರದ ಹೊರಗಿನ ಪ್ರಶ್ನೆ.

ಮಲಗುವ ಹೊತ್ತಿಗೆ ಪಟ್ಟಿ ಮತ್ತೆ ಬದಲಾಗುತ್ತದೆ. ನಿದ್ದೆಯಲ್ಲಿ ಜಮಾ 70ಕ್ಕೆ ಇಳಿಯಿತು, ಒಳ್ಳೆಯದೇ. ಆದರೆ ಅಂಗಾತ ಮಲಗಿದವನಿಗೆ 42 ಡಿಗ್ರಿಯ ಛಾವಣಿ ಕೂತವನಿಗಿಂತ ದುಪ್ಪಟ್ಟು ಪಾಲು ಕಾಣುತ್ತದೆ, ಬೆನ್ನ ಕೆಳಗಿನ ಹಾಸಿಗೆ ಚರ್ಮದ ಮೂರರಲ್ಲೊಂದು ಭಾಗವನ್ನು ಮುಚ್ಚಿಬಿಡುತ್ತದೆ. ಲೆಕ್ಕ ಹಾಕಿದರೆ ತೆರೆದಿರುವ ಚರ್ಮದಲ್ಲಿ ಒದ್ದೆಯಾಗಬೇಕಾದ ಪಾಲು ಶೇಕಡಾ 37ಕ್ಕೆ ಹೋಗುತ್ತದೆ, ಕೂತಿದ್ದಾಗಿನದಕ್ಕಿಂತ ಹೆಚ್ಚು. ಅದೇ ಕೋಣೆಯಲ್ಲಿ ಫೋಮ್ ಹಾಸಿಗೆ ತೆಗೆದು ಹಗ್ಗದ ಹೊರಸಿನ ಮೇಲೆ ಮಲಗಿದರೆ ಬೆನ್ನೂ ಗಾಳಿಗೆ ಸಿಕ್ಕಿ 25ಕ್ಕೆ ಇಳಿಯುತ್ತದೆ.

ಆ ಹೊರಸನ್ನು ತಾರಸಿಗೆ ಒಯ್ದರಂತೂ ಕೇಳುವುದೇ ಬೇಡ. ಒಣ ಸೀಮೆಯ ನಿರಭ್ರ ರಾತ್ರಿಯಲ್ಲಿ ಆಕಾಶ ವಿಕಿರಣದ ಲೆಕ್ಕಕ್ಕೆ ಗಾಳಿಗಿಂತ ಹತ್ತು-ಹದಿನೈದು ಡಿಗ್ರಿ ತಣ್ಣಗಿನ ಛಾವಣಿಯಂತೆ ನಡೆದುಕೊಳ್ಳುತ್ತದೆ. ಹನ್ನೊಂದರ ಹೊತ್ತಿಗೆ ಗಾಳಿ 31, ಕೆಳಗಿನ ತಾರಸಿ 33, ಆಕಾಶ 18 ಎಂದು ಹಿಡಿದರೆ ಮೈ ಸುತ್ತಲಿನ ಸರಾಸರಿ 26ಕ್ಕೆ ಬರುತ್ತದೆ. ಚರ್ಮಕ್ಕಿಂತ 9 ಡಿಗ್ರಿ ಕಡಿಮೆ, 8 ವಾಟ್‌ನಂತೆ 72. ನಿದ್ದೆಯಲ್ಲಿ ಹುಟ್ಟುವ 70 ವಾಟ್ ಪೂರ್ತಿ ವಿಕಿರಣದಲ್ಲೇ ಹೋಯಿತು, ಬೆವರಿಗೆ ಕೆಲಸವೇ ಇಲ್ಲ. ಗಾಳಿ ಇನ್ನಷ್ಟು ಇಳಿಯುವ ನಸುಕಿನಲ್ಲಿ ಖರ್ಚು ಜಮಾವನ್ನು ಮೀರುವುದರಿಂದ ಕಾಲಡಿಯ ಚಾದರ ಎಳೆದುಕೊಳ್ಳಬೇಕಾಗುತ್ತದೆ. ಮಂಗಳೂರಿನವರು ಇದನ್ನು ನಕಲು ಮಾಡಿದರೆ ಅಷ್ಟು ಸಿಗುವುದಿಲ್ಲ. ನೀರಾವಿ ತುಂಬಿದ ಅಲ್ಲಿನ ಗಾಳಿಯೇ ಕೆಳಮುಖವಾಗಿ ಸೂಸುವುದರಿಂದ ಆಕಾಶ ಆರೇಳು ಡಿಗ್ರಿ ಮಾತ್ರ ತಂಪು. ಮೇ ಕೊನೆಗೆ ಮೋಡ ಕವಿದರೆ ಅದೂ ಇಲ್ಲ.